ಒಂಬತ್ತು ಸಾಲು ನಾಲ್ಕಾಯಿತು: ಒಬ್ಬ ಫ್ರೆಶರ್ ರೆಸ್ಯೂಮೆಯ ಪ್ರಕರಣ ಅಧ್ಯಯನ

ಆಕೆ ಕಂಪ್ಯೂಟರ್ ಸೈನ್ಸ್ ಡಿಗ್ರಿ ಮುಗಿಸಿ ನಾಲ್ಕು ತಿಂಗಳಾಗಿತ್ತು. ಮೂವತ್ತಕ್ಕೂ ಜಾಸ್ತಿ ಕಡೆ ಅರ್ಜಿ ಹಾಕಿದ್ದಳು. ಒಂದೇ ಒಂದು ಕಡೆಯಿಂದ ಕರೆ ಬಂತು. ಆ ಸಂದರ್ಶನವೂ ಹತ್ತು ನಿಮಿಷಕ್ಕೆ ತಣ್ಣಗಾಯಿತು. ರೆಸ್ಯೂಮೆಯಲ್ಲಿ ಅವಳು ತುಂಬಾ ಇಷ್ಟಪಟ್ಟು ಬರೆದಿದ್ದ ಸಾಲಿನ ಮೇಲೆಯೇ ಪ್ರಶ್ನೆ ಬಿದ್ದಿತ್ತು.

ಆ ಸಾಲು ಅವಳ ಕೊನೆಯ ವರ್ಷದ ಪ್ರಾಜೆಕ್ಟ್‌ನದು. ಬಟ್ಟೆಯ ಫೋಟೊ ನೋಡಿ ಅದರಲ್ಲಿ ನೇಯ್ಗೆಯ ದೋಷ ಇದೆಯೋ ಇಲ್ಲವೋ ಎಂದು ಹೇಳುವ ಮಾಡೆಲ್ ಅದು. ‘96 ಪರ್ಸೆಂಟ್ ಅಕ್ಯುರಸಿ ಸಾಧಿಸಲಾಗಿದೆ’ ಎಂದು ಬರೆದಿದ್ದಳು. ಸಂದರ್ಶನ ಮಾಡಿದವರು ಕೇಳಿದ್ದು ಇಷ್ಟೇ: "ನಿಮ್ಮ ಮಾಡೆಲ್ ಏನೂ ನೋಡದೆ, ಎಲ್ಲ ಬಟ್ಟೆಯೂ ಚೆನ್ನಾಗಿದೆ ಅಂತ ಹೇಳಿದ್ರೆ ಎಷ್ಟು ಬರ್ತಿತ್ತು?" ಅವಳ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಪರಿಚಯದವರ ಮೂಲಕ ರೆಸ್ಯೂಮೆ ನನ್ನ ಕೈಗೆ ಬಂತು. ನಾನು ಹಲವು ವರ್ಷಗಳಿಂದ ನಮ್ಮ ತಂಡಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ ರೆಸ್ಯೂಮೆ ಓದುವವರಲ್ಲಿ ಒಬ್ಬಳು. ಅವಳೂ ನಾನೂ ಎರಡು ಸಂಜೆ ಕೂತು ಆ ಒಂದು ಪುಟವನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಅದರ ವಿವರ ಇದು. ರೆಸ್ಯೂಮೆ ಇದ್ದದ್ದು ಇಂಗ್ಲಿಷಿನಲ್ಲಿ. ಸಾಲುಗಳನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತಿದ್ದೇನೆ.

ಕೈಗೆ ಬಂದಾಗ ಹೇಗಿತ್ತು

ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್ ಎರಡೂ ಸೇರಿ ಒಂಬತ್ತು ಬುಲೆಟ್‌ಗಳಿದ್ದವು. ಎಲ್ಲವನ್ನೂ ಹೇಳುವುದು ಬೇಡ. ಮುಖ್ಯವಾದ ನಾಲ್ಕು ಹೀಗಿದ್ದವು:

> ಪೈಥಾನ್ ಮತ್ತು ಎಕ್ಸೆಲ್ ಬಳಸಿ ದಿನದ ರಿಪೋರ್ಟ್ ತಯಾರಿಸುವ ಜವಾಬ್ದಾರಿ ಹೊಂದಿದ್ದೆ.
>
> ಡೇಟಾ ಕ್ಲೀನಿಂಗ್ ಕೆಲಸದಲ್ಲಿ ತೊಡಗಿದ್ದೆ.
>
> ತಂಡದ ಕಾರ್ಯಕ್ಷಮತೆಯನ್ನು 80 ಪರ್ಸೆಂಟ್ ಹೆಚ್ಚಿಸಿದೆ.
>
> ಬಟ್ಟೆಯ ದೋಷ ಪತ್ತೆ ಪ್ರಾಜೆಕ್ಟ್‌ನ ನೇತೃತ್ವ ವಹಿಸಿ 96 ಪರ್ಸೆಂಟ್ ಅಕ್ಯುರಸಿ ಸಾಧಿಸಲಾಗಿದೆ.

ಉಳಿದ ಐದರಲ್ಲಿ ‘ಮೀಟಿಂಗ್‌ಗಳಲ್ಲಿ ಭಾಗವಹಿಸಿದೆ’, ‘ಪೈಥಾನ್ ಕಲಿತೆ’ ಎನ್ನುವಂಥವೇ ಇದ್ದವು. ಕಲಿತದ್ದು ಕೌಶಲಗಳ ಪಟ್ಟಿಗೆ ಹೋಗುತ್ತದೆ. ಮೀಟಿಂಗ್‌ಗೆ ಹೋಗಿದ್ದು ಎಲ್ಲಿಗೂ ಹೋಗುವುದಿಲ್ಲ. ಆ ಐದನ್ನೂ ಮೊದಲ ಅರ್ಧ ಗಂಟೆಯಲ್ಲೇ ತೆಗೆದೆವು.

ಈ ನಾಲ್ಕು ಸಾಲುಗಳಲ್ಲಿ ಎರಡು ಬಗೆಯ ತಪ್ಪಿದೆ. ಮೊದಲ ಎರಡು ತೀರಾ ಸಪ್ಪೆ. ಆಕೆ ನಿಜವಾಗಿ ಮಾಡಿದ್ದಕ್ಕಿಂತ ಕಡಿಮೆ ಹೇಳುತ್ತವೆ. ಕೊನೆಯ ಎರಡು ತೂಕ ಹೆಚ್ಚಾದವು. ಮಾಡಿದ್ದಕ್ಕಿಂತ ಜಾಸ್ತಿ ಹೇಳುತ್ತವೆ. ಒಂದೇ ಪುಟದಲ್ಲಿ ಎರಡೂ ಇರುವುದು ನನಗೆ ಹೊಸದಲ್ಲ. ಹೊಸಬರು ಸಾಮಾನ್ಯವಾಗಿ ನಿಜವಾದ ಕೆಲಸವನ್ನು ‘ಅದೇನು ಮಹಾ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆಮೇಲೆ ಪುಟ ಖಾಲಿ ಕಾಣುತ್ತದೆ ಎಂದು ಎಲ್ಲಿಂದಲೋ ಒಂದು ಪರ್ಸೆಂಟ್ ತಂದು ಅಂಟಿಸುತ್ತಾರೆ.

"80 ಪರ್ಸೆಂಟ್ ಎಲ್ಲಿಂದ ಬಂತು?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಕ್ಕಾ, ಸೀನಿಯರ್ ಒಬ್ಬರ ರೆಸ್ಯೂಮೆಯಲ್ಲಿ ಹಾಗೆ ಇತ್ತು. ನಂಬರ್ ಇರ್ಲೇಬೇಕು ಅಂತ ಎಲ್ಲರೂ ಹೇಳ್ತಾರಲ್ಲ."

ಇಂಟರ್ನ್‌ಶಿಪ್: ರಿಪೋರ್ಟ್ ಅಂದರೆ ಏನು ರಿಪೋರ್ಟ್?

ನಾನು ಪೆನ್ನು ಕೆಳಗಿಟ್ಟು, ಮೊದಲ ಸಾಲಿನ ಬಗ್ಗೆ ಸುಮ್ನೆ ಮಾತಾಡು ಅಂದೆ. ರೆಸ್ಯೂಮೆ ಭಾಷೆ ಬೇಡ, ಬೆಳಿಗ್ಗೆ ಆಫೀಸಿಗೆ ಹೋಗಿ ಏನು ಮಾಡುತ್ತಿದ್ದೆ ಅಷ್ಟು ಹೇಳು ಸಾಕು ಅಂದೆ.

ಅವಳು ಹೇಳಿದ್ದು ಹೀಗೆ. ಆ ಕಂಪನಿಗೆ 14 ಬ್ರಾಂಚ್‌ಗಳಿವೆ. ಪ್ರತಿ ಬ್ರಾಂಚೂ ಹಿಂದಿನ ದಿನದ ಮಾರಾಟದ ಎಕ್ಸೆಲ್ ಫೈಲನ್ನು ಬೆಳಿಗ್ಗೆ ಮೇಲ್ ಮಾಡುತ್ತದೆ. ಸೀನಿಯರ್ ಒಬ್ಬರು ಒಂದೊಂದೇ ಫೈಲ್ ತೆರೆದು, ಕಾಪಿ ಮಾಡಿ, ಒಂದು ದೊಡ್ಡ ಶೀಟಿಗೆ ಅಂಟಿಸಿ, ಒಟ್ಟು ಲೆಕ್ಕ ತೆಗೆದು ಮ್ಯಾನೇಜರ್‌ಗೆ ಕಳಿಸುತ್ತಿದ್ದರು. ಇವಳು ಸೇರಿದ ಮೂರನೇ ವಾರದ ಹೊತ್ತಿಗೆ, ಒಂದು ಫೋಲ್ಡರ್‌ನಲ್ಲಿರುವ ಎಲ್ಲ ಫೈಲ್‌ಗಳನ್ನು ಓದಿ ಒಂದೇ ಶೀಟ್ ಮಾಡುವ ಪೈಥಾನ್ ಸ್ಕ್ರಿಪ್ಟ್ ಬರೆದಳು. ಯಾವ ಬ್ರಾಂಚಿನ ಫೈಲ್ ಬಂದಿಲ್ಲ ಎಂದೂ ಅದು ಹೇಳುತ್ತಿತ್ತು. ಎಂಟು ವಾರದ ಇಂಟರ್ನ್‌ಶಿಪ್‌ನಲ್ಲಿ ಉಳಿದ ಐದು ವಾರ ರಿಪೋರ್ಟ್ ಹೊರಟಿದ್ದು ಆ ಸ್ಕ್ರಿಪ್ಟ್‌ನಿಂದಲೇ.

ಇಷ್ಟೆಲ್ಲ ಮಾಡಿದವಳು ‘ಜವಾಬ್ದಾರಿ ಹೊಂದಿದ್ದೆ’ ಎಂದು ಬರೆದಿದ್ದಳು! ಜವಾಬ್ದಾರಿ ಅನ್ನುವುದು ಯಾರೋ ವಹಿಸಿದ್ದು. ಅದನ್ನು ಮಾಡಿದೆಯೋ ಇಲ್ಲವೋ ಆ ಮಾತಿನಿಂದ ಗೊತ್ತಾಗುವುದಿಲ್ಲ. ‘ತೊಡಗಿದ್ದೆ’ ಎನ್ನುವುದೂ ಅಷ್ಟೇ. ಇಂಗ್ಲಿಷ್ ರೆಸ್ಯೂಮೆಗಳಲ್ಲಿ ‘ರೆಸ್ಪಾನ್ಸಿಬಲ್ ಫಾರ್’, ‘ವರ್ಕ್ಡ್ ಆನ್’, ‘ಹೆಲ್ಪ್ಡ್ ವಿತ್’ ಎಂದು ಶುರುವಾಗುವ ಸಾಲುಗಳೆಲ್ಲ ಈ ಜಾತಿಗೆ ಸೇರಿದವು.

ಇಲ್ಲಿ ಕನ್ನಡದಲ್ಲಿ ಯೋಚಿಸುವವರಿಗೆ ಒಂದು ಸಣ್ಣ ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರಿಗೆ, ಯಾತಕ್ಕೆ, ಎಲ್ಲಿ ಎಂದು ಹೇಳಿ ಮುಗಿಸಿ ಆಮೇಲೆ ಏನು ಮಾಡಿದೆ ಎಂದು ಹೇಳುತ್ತೇವೆ. ಇಂಗ್ಲಿಷ್ ಬುಲೆಟ್‌ನಲ್ಲಿ ಅದು ತಲೆಯಲ್ಲೇ ಇರಬೇಕು. ಓದುವವರ ಕಣ್ಣು ಪುಟದ ಎಡ ಅಂಚಿನಲ್ಲೇ ಕೆಳಗೆ ಜಾರುತ್ತಾ ಹೋಗುತ್ತದೆ. ಸಾಲಿನ ಮೊದಲ ಎರಡು ಮೂರು ಪದ ಖಾಲಿಯಾಗಿದ್ದರೆ ಉಳಿದದ್ದು ಓದಿಸಿಕೊಳ್ಳುವುದೇ ಇಲ್ಲ. ಹಾಗಾಗಿ ಮೊದಲು ನಮ್ಮ ಮಾತಿನಲ್ಲೇ ಪೂರ್ತಿ ವಾಕ್ಯ ಹೇಳಿ, ಕೊನೆಗೆ ಬಂದ ಕ್ರಿಯಾಪದವನ್ನು ಎತ್ತಿ ಇಂಗ್ಲಿಷ್ ಸಾಲಿನ ಮೊದಲಿಗೆ ಇಡು ಎಂದು ಅವಳಿಗೆ ಹೇಳಿದೆ. ‘ಸ್ಕ್ರಿಪ್ಟ್ ಬರೆದೆ’ ಎಂದು ಮುಗಿಯಿತು. ಹಾಗಾದರೆ ಸಾಲು ‘ರೋಟ್’ ಅಥವಾ ‘ಬಿಲ್ಟ್’ ಎಂದು ಶುರು. ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದು ನಿಜವಾದ್ದರಿಂದ ‘ಆಟೊಮೇಟೆಡ್’ ಕೂಡ ಸಲ್ಲುತ್ತದೆ. ಕೊನೆಗೆ ಅದನ್ನೇ ಇಟ್ಟೆವು.

ಅವಳ ಹತ್ತಿರ ಎಲ್ಲೋ ಸಿಕ್ಕಿದ್ದ ‘ಪವರ್ ವರ್ಡ್ಸ್’ ಪಟ್ಟಿಯೂ ಇತ್ತು. ಅದರಲ್ಲಿ ‘ಸ್ಪಿಯರ್‌ಹೆಡೆಡ್’, ‘ಆರ್ಕೆಸ್ಟ್ರೇಟೆಡ್’ ಎಂಬ ಪದಗಳಿದ್ದವು. ನಾನು ಒಂದೇ ಪರೀಕ್ಷೆ ಇಟ್ಟೆ. ಆ ಪದ ಓದಿದವರು "ಹಾಗಂದ್ರೆ ನೀವು ಕೂತು ಏನು ಮಾಡಿದ್ರಿ?" ಎಂದು ಕೇಳಿದರೆ ಕಣ್ಣಿಗೆ ಕಾಣುವ ಒಂದು ಕೆಲಸ ಹೇಳಲು ಆಗಬೇಕು. ‘ಬಿಲ್ಟ್’ ಎಂದರೆ ಸ್ಕ್ರಿಪ್ಟ್ ತೋರಿಸಬಹುದು. ‘ಟೆಸ್ಟೆಡ್’ ಎಂದರೆ ಏನೇನು ಪರೀಕ್ಷಿಸಿದೆ ಎಂದು ಹೇಳಬಹುದು. ಎಂಟು ವಾರದ ಇಂಟರ್ನ್ ‘ಸ್ಪಿಯರ್‌ಹೆಡೆಡ್’ ಎಂದರೆ ತೋರಿಸಲು ಏನೂ ಇಲ್ಲ.

ನಂಬರ್ ಹುಡುಕಿದ ಬಗೆ

ಈಗ ಆ 80 ಪರ್ಸೆಂಟ್. ಸ್ಕ್ರಿಪ್ಟ್‌ನಿಂದ ಸಮಯ ಉಳಿದದ್ದು ಖಚಿತ. ಎಷ್ಟು ಎನ್ನುವುದು ಯಾರಿಗೂ ಗೊತ್ತಿಲ್ಲ. ಕಂಪನಿಯ ಮೇಲ್ ಅವಳಿಗೆ ಈಗ ತೆರೆಯುವುದಿಲ್ಲ, ತೆರೆಯಲೂಬಾರದು. ಆದರೆ ಎರಡು ದಾರಿಗಳಿದ್ದವು.

ಒಂದು, ಕಾಲೇಜಿಗೆ ಕೊಡಬೇಕಿದ್ದ ಇಂಟರ್ನ್‌ಶಿಪ್ ಡೈರಿ. ದಿನಕ್ಕೆ ಎರಡು ಮೂರು ಸಾಲು ಬರೆದು ಸಹಿ ಹಾಕಿಸಿಕೊಳ್ಳುವ ಆ ಪುಸ್ತಕವನ್ನು ಎಲ್ಲರೂ ಕಾಟಾಚಾರಕ್ಕೆ ತುಂಬುತ್ತಾರೆ. ಇವಳ ಡೈರಿಯ ಎರಡನೇ ವಾರದಲ್ಲಿ ‘ಸೀನಿಯರ್ ಜೊತೆ ರಿಪೋರ್ಟ್ ಮಾಡಿದೆ, 9:30ರಿಂದ 11:15’ ಎಂದು ಇತ್ತು. ಅಂದರೆ ಒಂದು ಮುಕ್ಕಾಲು ಗಂಟೆ. ಮೂರು ನಾಲ್ಕು ದಿನ ಹೆಚ್ಚುಕಡಿಮೆ ಹಾಗೆಯೇ ಇತ್ತು.

ಎರಡನೆಯದು, ಆ ಸೀನಿಯರ್. ಫೋನ್ ಮಾಡು ಎಂದೆ. ಅವಳಿಗೆ ಸಂಕೋಚ. ಕೊನೆಗೆ ಮಾಡಿದಳು. ಅವರು ಖುಷಿಯಿಂದಲೇ ಹೇಳಿದರು: ಮೊದಲು ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತಿತ್ತು, ಈಗ ಇಪ್ಪತ್ತು ನಿಮಿಷ, ಅದೂ ಹೆಚ್ಚಾಗಿ ಲೆಕ್ಕ ಸರಿಯಿದೆಯಾ ಎಂದು ಕಣ್ಣಾಡಿಸಲು. ಸ್ಕ್ರಿಪ್ಟ್ ಈಗಲೂ ಬಳಕೆಯಲ್ಲಿದೆ ಎನ್ನುವುದೂ ಆಗಲೇ ಗೊತ್ತಾಯಿತು. ಬ್ರಾಂಚ್‌ಗಳ ಸಂಖ್ಯೆ ರೆಸ್ಯೂಮೆಯಲ್ಲಿ ಬರೆಯಬಹುದಾ ಎಂದು ಅದೇ ಫೋನಿನಲ್ಲಿ ಕೇಳಿದಳು. ಸಂಖ್ಯೆ ಪರವಾಗಿಲ್ಲ, ಮಾರಾಟದ ಮೊತ್ತ ಬೇಡ ಎಂದರು. ಕಂಪನಿಯ ಒಳಗಿನ ಅಂಕಿಗಳ ವಿಷಯದಲ್ಲಿ ಈ ಒಂದು ಮಾತು ಕೇಳಿಬಿಡುವುದು ಒಳ್ಳೆಯದು.

‘ಒಂದೂವರೆಯಿಂದ ಎರಡು ಗಂಟೆ’ ಎಂದಾಗ ಯಾವುದನ್ನು ಬರೆಯಬೇಕು? ಕಡಿಮೆಯದನ್ನು. 90 ನಿಮಿಷ ಎಂದು ಬರೆದರೆ ಯಾರು ಕೇಳಿದರೂ ನಿಲ್ಲುತ್ತದೆ. 90ರಿಂದ 20 ಎಂದರೆ ಸುಮಾರು 78 ಪರ್ಸೆಂಟ್ ಇಳಿಕೆ. ಅವಳು ಕಣ್ಣರಳಿಸಿ, "ಅಕ್ಕಾ, 80ಕ್ಕೆ ಹತ್ತಿರನೇ ಇದೆ ಅಲ್ವಾ!" ಎಂದಳು. ಹತ್ತಿರವಿದೆ, ಆದರೆ ಅದು ಬೇರೆಯೇ ಮಾತು. ಮೊದಲಿನ ಸಾಲು ‘ತಂಡದ ಕಾರ್ಯಕ್ಷಮತೆ’ ಎಂದಿತ್ತು. ಇಳಿದದ್ದು ಒಬ್ಬರ ಒಂದು ಕೆಲಸದ ಸಮಯ. ಅಂಕಿ ಯಾವುದರ ಮೇಲೆ ನಿಂತಿದೆ ಎನ್ನುವುದು ಬದಲಾದರೆ ಅಂಕಿ ಅದೇ ಇದ್ದರೂ ಸಾಲು ಸುಳ್ಳಾಗುತ್ತದೆ.

ಪರ್ಸೆಂಟ್ ಬದಲು ನಿಮಿಷವನ್ನೇ ಇಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. 78 ಪರ್ಸೆಂಟ್ ಎಂದರೆ ಐದು ನಿಮಿಷ ಹೆಚ್ಚುಕಡಿಮೆ ಒಂದಾದದ್ದೂ ಇರಬಹುದು, ಐದು ಗಂಟೆ ಹೆಚ್ಚುಕಡಿಮೆ ಒಂದಾದದ್ದೂ ಇರಬಹುದು. ‘90 ನಿಮಿಷದಿಂದ 20ಕ್ಕೆ, ದಿನವೂ’ ಎಂದರೆ ಓದುವವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಸಾಲು ಹೀಗಾಯಿತು:

> 14 ಬ್ರಾಂಚ್‌ಗಳ ಮಾರಾಟದ ಫೈಲ್‌ಗಳನ್ನು ಒಟ್ಟುಗೂಡಿಸುವ ದಿನದ ರಿಪೋರ್ಟನ್ನು ಪೈಥಾನ್ ಸ್ಕ್ರಿಪ್ಟ್ ಬರೆದು ಆಟೊಮೇಟ್ ಮಾಡಿದೆ. ತಯಾರಿಯ ಸಮಯ 90 ನಿಮಿಷದಿಂದ 20ಕ್ಕೆ ಇಳಿಯಿತು, ಇಂಟರ್ನ್‌ಶಿಪ್ ಮುಗಿದ ಮೇಲೂ ಬಳಕೆಯಲ್ಲಿದೆ.

ಒಂದು ಸಾಲಿಗೆ ಬೇಕಾದ ಮೂರೂ ಇಲ್ಲಿವೆ. ಏನು ಮಾಡಿದೆ, ಎಷ್ಟು ದೊಡ್ಡದು, ಅದರಿಂದ ಏನು ಬದಲಾಯಿತು. ಕೊನೆಯ ಭಾಗವೇ ನನಗೆ ಎಲ್ಲಕ್ಕಿಂತ ಇಷ್ಟ. ಇಂಟರ್ನ್ ಬರೆದದ್ದನ್ನು ಅವರು ಹೋದ ಮೇಲೂ ಯಾರೋ ಬಳಸುತ್ತಿದ್ದಾರೆ ಎಂದರೆ ಆ ಕೆಲಸ ಗಟ್ಟಿ ಇತ್ತು ಎಂದೇ ಅರ್ಥ. ಅದನ್ನು ಹೇಳಲು ಪರ್ಸೆಂಟ್ ಬೇಕಾಗಿಲ್ಲ.

ಫಲಿತಾಂಶ ಅಳೆಯಲು ಆಗದ ಸಾಲು

‘ಡೇಟಾ ಕ್ಲೀನಿಂಗ್’ ಸಾಲಿಗೆ ಬಂದೆವು. ಕೆದಕಿದಾಗ ಹೊರಬಿದ್ದದ್ದು ಇದು. ಒಂದೇ ವಸ್ತುವಿನ ಹೆಸರನ್ನು ಬ್ರಾಂಚ್‌ಗಳು ಬೇರೆಬೇರೆ ಥರ ಬರೆಯುತ್ತಿದ್ದವು. ಒಂದು ಕಡೆ ಪೂರ್ತಿ ಹೆಸರು, ಇನ್ನೊಂದು ಕಡೆ ಅರ್ಧ, ಮತ್ತೊಂದು ಕಡೆ ಕೊನೆಗೆ ಒಂದು ಖಾಲಿ ಸ್ಪೇಸ್. ಸ್ಕ್ರಿಪ್ಟ್‌ಗೆ ಅವೆಲ್ಲ ಬೇರೆಬೇರೆ ವಸ್ತುಗಳು. ಹಾಗಾಗಿ ಒಂದೇ ಸಾಮಾನು ರಿಪೋರ್ಟ್‌ನಲ್ಲಿ ಮೂರು ಸಾಲಾಗಿ ಒಡೆದು ಬರುತ್ತಿತ್ತು. ಇವಳು ಕೂತು 212 ಬಗೆಯ ಹೆಸರುಗಳನ್ನು 140 ಸರಿಯಾದ ಹೆಸರುಗಳಿಗೆ ಹೊಂದಿಸುವ ಪಟ್ಟಿ ಮಾಡಿದ್ದಳು.

ಇದರಿಂದ ರಿಪೋರ್ಟ್ ಎಷ್ಟು ನಿಖರವಾಯಿತು? ಯಾರೂ ಅಳೆದಿಲ್ಲ. ಈಗ ಅಳೆಯಲೂ ಆಗುವುದಿಲ್ಲ. ‘ನಿಖರತೆ 30 ಪರ್ಸೆಂಟ್ ಹೆಚ್ಚಿತು’ ಎಂದು ಬರೆಯುವ ಆಸೆ ಬರುವುದು ಇಲ್ಲೇ. ನಾವು ಬರೆಯಲಿಲ್ಲ. ವ್ಯಾಪ್ತಿಯ ಅಂಕಿ ಕೈಯಲ್ಲಿದೆ, ಬದಲಾವಣೆಯನ್ನು ಮಾತಿನಲ್ಲೇ ಹೇಳಬಹುದು:

> 14 ಬ್ರಾಂಚ್‌ಗಳಲ್ಲಿ 212 ರೀತಿ ಬರೆಯುತ್ತಿದ್ದ ವಸ್ತುಗಳ ಹೆಸರನ್ನು 140 ಹೆಸರುಗಳ ಒಂದೇ ಪಟ್ಟಿಗೆ ತಂದೆ; ಒಂದೇ ವಸ್ತು ರಿಪೋರ್ಟ್‌ನಲ್ಲಿ ಹಲವು ಸಾಲಾಗಿ ಬರುವುದು ನಿಂತಿತು.

‘ತೊಡಗಿದ್ದೆ’ಗೂ ಇದಕ್ಕೂ ಎಷ್ಟು ದೂರ ನೋಡಿ. ಈ ಕೆಲಸ ಮಾಡಿದವರಿಗೆ ಮಾತ್ರ ಗೊತ್ತಿರುವ ವಿವರ ಇದರಲ್ಲಿದೆ. ಇಂಥ ಡೇಟಾದ ಜೊತೆ ಹೆಣಗಾಡಿದ ಯಾರೇ ಓದಿದರೂ ಇದು ನಿಜ ಎಂದು ಅವರಿಗೆ ಗೊತ್ತಾಗುತ್ತದೆ.

ಪ್ರಾಜೆಕ್ಟ್: 96 ಪರ್ಸೆಂಟ್‌ನ ಒಳಗೆ

ಎರಡನೇ ಸಂಜೆ ಪೂರ್ತಿ ಈ ಒಂದು ಸಾಲಿಗೆ ಹೋಯಿತು. ಮೊದಲು ‘ನೇತೃತ್ವ’. ತಂಡದಲ್ಲಿ ನಾಲ್ಕು ಜನ. ಇಬ್ಬರು ಫೋಟೊ ತೆಗೆದು, ದೋಷ ಇದೆ ಅಥವಾ ಇಲ್ಲ ಎಂದು ಒಂದೊಂದಕ್ಕೂ ಲೇಬಲ್ ಹಾಕಿದರು, ಒಬ್ಬ ವೆಬ್ ಪೇಜ್ ಮಾಡಿದ, ಇವಳು ಮಾಡೆಲ್‌ಗೆ ತರಬೇತಿ ಕೊಟ್ಟಳು. ಯಾರೂ ನಾಯಕರಿರಲಿಲ್ಲ. ಅದೇ ತಂಡದ ನಾಲ್ವರೂ ಒಂದೇ ಕಂಪನಿಗೆ ಅರ್ಜಿ ಹಾಕುವುದುಂಟು. ನಾಲ್ಕೂ ರೆಸ್ಯೂಮೆಯಲ್ಲಿ ‘ನೇತೃತ್ವ ವಹಿಸಿದೆ’ ಎಂದಿದ್ದರೆ ಓದುವವರು ಏನೆಂದುಕೊಳ್ಳಬೇಕು? ತಂಡದ ಗಾತ್ರ ಹೇಳಿ, ಅದರಲ್ಲಿ ತನ್ನ ಪಾಲು ಯಾವುದು ಎಂದು ಹೇಳಿದರೆ ಸಾಲಿಗೆ ಬೆಲೆ ಬರುತ್ತದೆ.

ಆಮೇಲೆ ಅಂಕಿ. ನಾವು ಪ್ರಾಜೆಕ್ಟ್ ರಿಪೋರ್ಟ್ ತೆರೆದು, ಮಾಡೆಲ್ ಎಷ್ಟು ಕಡೆ ಸರಿ, ಎಷ್ಟು ಕಡೆ ತಪ್ಪು ಹೇಳಿತು ಎಂದು ಎಣಿಸಿ ತೋರಿಸುವ ಟೇಬಲ್, ಅಂದರೆ ಕನ್ಫ್ಯೂಷನ್ ಮ್ಯಾಟ್ರಿಕ್ಸ್ ಇರುವ ಪುಟಕ್ಕೆ ಹೋದೆವು. ಒಟ್ಟು 2,400 ಫೋಟೊ. ಅದರಲ್ಲಿ ಪರೀಕ್ಷೆಗೆಂದು ಬೇರೆ ತೆಗೆದಿಟ್ಟದ್ದು 480. ಆ 480ರಲ್ಲಿ ದೋಷ ಇದ್ದದ್ದು ಬರೀ 24.

"ಈಗ ಆ ಸಂದರ್ಶನದ ಪ್ರಶ್ನೆಗೆ ನೀನೇ ಉತ್ತರ ಹೇಳು" ಎಂದೆ.

ಬಾಯಲ್ಲೇ ಲೆಕ್ಕ ಹಾಕಿದಳು. ಎಲ್ಲ ಚೆನ್ನಾಗಿದೆ ಎಂದರೆ 480ರಲ್ಲಿ 456 ಸರಿ. ಅಂದರೆ 95 ಪರ್ಸೆಂಟ್. ಕಣ್ಣು ಮುಚ್ಚಿಕೊಂಡು ಹೇಳಿದರೂ 95 ಬರುವ ಕಡೆ ಅವಳ ಮಾಡೆಲ್ 96 ತಂದಿತ್ತು. ಅವಳ ಮುಖ ಸಣ್ಣಗಾಯಿತು.

ಆದರೆ ಅದೇ ಪುಟದಲ್ಲಿ ಎರಡು ಟೇಬಲ್‌ಗಳಿದ್ದವು. ಒಂದು ಮೊದಲ ಪ್ರಯತ್ನದ್ದು, ಇನ್ನೊಂದು ಕೊನೆಯದು. ಮೊದಲ ಮಾಡೆಲ್ 24 ದೋಷಗಳಲ್ಲಿ 7 ಹಿಡಿದಿತ್ತು, 3 ಒಳ್ಳೆಯ ಬಟ್ಟೆಗಳನ್ನು ಸುಮ್ಮನೆ ದೋಷ ಎಂದಿತ್ತು. ತಪ್ಪಿದ್ದು ಒಟ್ಟು 20. ಕೊನೆಯ ಮಾಡೆಲ್ 15 ಹಿಡಿದಿತ್ತು, 10 ಒಳ್ಳೆಯವನ್ನು ದೋಷ ಎಂದಿತ್ತು. ತಪ್ಪಿದ್ದು ಒಟ್ಟು 19. ಅಕ್ಯುರಸಿಯಲ್ಲಿ ನೋಡಿದರೆ 95.8ರಿಂದ 96. ಏನೂ ಆಗಿಲ್ಲ ಎನ್ನಬೇಕು. ದೋಷ ಹಿಡಿಯುವುದರಲ್ಲಿ ನೋಡಿದರೆ ಎರಡು ಪಟ್ಟಿಗೂ ಜಾಸ್ತಿ.

"ನಡುವೆ ಏನು ಮಾಡಿದೆ?"

"ದೋಷ ಇರೋ ಫೋಟೊ ಕಡಿಮೆ ಇದ್ವಲ್ಲ, ಅದನ್ನ ಮಿಸ್ ಮಾಡಿದ್ರೆ ಜಾಸ್ತಿ ಪೆನಾಲ್ಟಿ ಬೀಳೋ ಹಾಗೆ ಕ್ಲಾಸ್ ವೇಟ್ ಕೊಟ್ಟೆ. ಟ್ರೇನಿಂಗ್ ಫೋಟೊಗಳನ್ನ ತಿರುಗಿಸಿ, ಮಗುಚಿ ಇನ್ನಷ್ಟು ಮಾಡ್ಕೊಂಡೆ, ಆಗ್ಮೆಂಟೇಷನ್ ಅಂತಾರಲ್ಲ ಅದು. ಒಂದು ವಾರ ಅದೇ ಕೆಲಸ."

ಒಂದು ವಾರ ಕೂತು ಮಾಡಿದ ಅಸಲಿ ಕೆಲಸ ರೆಸ್ಯೂಮೆಯಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಮುಚ್ಚಿಬಿಡುವ ಅಂಕಿ ಮಾತ್ರ ಇತ್ತು. ಹೊಸ ಸಾಲು:

> ನಾಲ್ವರ ತಂಡದಲ್ಲಿ ಬಟ್ಟೆಯ ದೋಷ ಗುರುತಿಸುವ ಇಮೇಜ್ ಮಾಡೆಲ್‌ಗೆ 2,400 ಫೋಟೊಗಳ ಸೆಟ್‌ನಲ್ಲಿ ತರಬೇತಿ ಕೊಟ್ಟು ಪರೀಕ್ಷಿಸಿದೆ. ಕ್ಲಾಸ್ ವೇಟ್ ಮತ್ತು ಆಗ್ಮೆಂಟೇಷನ್ ಬಳಸಿ, ಟೆಸ್ಟ್ ಸೆಟ್‌ನ 24 ದೋಷಗಳಲ್ಲಿ ಪತ್ತೆಯಾಗುವವನ್ನು 7ರಿಂದ 15ಕ್ಕೆ ಏರಿಸಿದೆ.

15 ಎನ್ನುವುದು 96ರಷ್ಟು ಹೊಳೆಯುವುದಿಲ್ಲ ಎಂದು ಅವಳಿಗೆ ಅಳುಕು. 24ರಲ್ಲಿ 9 ಇನ್ನೂ ತಪ್ಪುತ್ತಿವೆ ಎಂದು ನಾವೇ ಒಪ್ಪಿಕೊಂಡ ಹಾಗಾಗುತ್ತದೆ ಎಂದಳು. ಹೌದು, ಆಗುತ್ತದೆ. ಆದರೆ ಎಲ್ಲಿಂದ ಎಲ್ಲಿಗೆ ಬಂತು ಎನ್ನುವುದು ಆ ಸಾಲಿನಲ್ಲಿದೆ, ಆ ದೂರ ಅವಳು ನಡೆದದ್ದು. ಸುಳ್ಳು ಎಚ್ಚರಿಕೆ 3ರಿಂದ 10ಕ್ಕೆ ಏರಿದ್ದನ್ನು ಸಾಲಿನಲ್ಲಿ ಹಾಕಲಿಲ್ಲ, ಜಾಗ ಇಲ್ಲ. ಆದರೆ ಕೇಳಿದರೆ ಮೊದಲ ಉಸಿರಿಗೇ ಹೇಳಬೇಕು ಎಂದು ಹೇಳಿಟ್ಟೆ.

ಪ್ರಾಜೆಕ್ಟ್‌ನಿಂದ ಇನ್ನೊಂದು ಸಾಲೂ ಬಂತು. ಮಾಡೆಲ್ ಪದೇ ಪದೇ ತಪ್ಪುತ್ತಿದ್ದ ಕಡೆ ಅನುಮಾನ ಬಂದು, ಇವಳೂ ಇನ್ನೊಬ್ಬಳೂ ಸೇರಿ 600 ಫೋಟೊಗಳ ಲೇಬಲ್ ಮತ್ತೆ ನೋಡಿದ್ದರು. 31 ತಪ್ಪು ಲೇಬಲ್ ಸಿಕ್ಕವು, ಸರಿಪಡಿಸಿದರು. ಇದನ್ನು ಅವಳು ಹೇಳಲೇ ಇರಲಿಲ್ಲ, ಮಾತಿನ ಮಧ್ಯೆ ಜಾರಿ ಬಂತು. ‘ಗೆಳತಿಯ ಜೊತೆ ಸೇರಿ’ ಎನ್ನುವುದನ್ನು ಬಿಡದೆ ಅದನ್ನೂ ಬರೆದೆವು.

ಆಮೇಲೆ

ನಾಲ್ಕು ಸಾಲು. ಒಂದೊಂದೂ ಇಂಗ್ಲಿಷಿನಲ್ಲಿ ಎರಡು ಗೆರೆ ದಾಟಲಿಲ್ಲ. ಮುಗಿದ ಕೆಲಸಗಳಾದ್ದರಿಂದ ಎಲ್ಲವೂ ಭೂತಕಾಲದಲ್ಲಿ. ಇಂಟರ್ನ್‌ಶಿಪ್ ಮೇಲೆ, ಪ್ರಾಜೆಕ್ಟ್ ಕೆಳಗೆ. ಎರಡರಲ್ಲೂ ಫಲಿತಾಂಶ ಅಳೆದ ಸಾಲು ಮೊದಲು. ಪುಟದಲ್ಲಿ ಒಂದಿಷ್ಟು ಜಾಗ ಖಾಲಿ ಉಳಿಯಿತು. ಅದನ್ನು ತುಂಬಲು ಹೋಗಲಿಲ್ಲ.

ಮುಂದಿನ ಐದಾರು ವಾರಗಳಲ್ಲಿ ಅವಳಿಗೆ ಮೂರು ಕಡೆಯಿಂದ ಕರೆ ಬಂತು. ಸಾಲು ಬದಲಾದದ್ದಕ್ಕೇ ಬಂತು ಎಂದು ನಾನು ಹೇಳಲಾರೆ. ಆ ಹೊತ್ತಿಗೆ ಅವಳು ಅರ್ಜಿ ಹಾಕುತ್ತಿದ್ದ ಹುದ್ದೆಗಳೂ ಸ್ವಲ್ಪ ಬದಲಾಗಿದ್ದವು. ಆದರೆ ಒಂದು ಸಂದರ್ಶನದ ವಿಷಯ ಅವಳು ಫೋನ್ ಮಾಡಿ ಹೇಳಿದ್ದು ನೆನಪಿದೆ. ಅವರೂ ಅದೇ ಬಟ್ಟೆಯ ಸಾಲಿನ ಮೇಲೆ ಬೆರಳಿಟ್ಟು, "24 ಅನ್ನೋದು ತುಂಬಾ ಸಣ್ಣ ಸಂಖ್ಯೆ ಅಲ್ವಾ?" ಎಂದು ಕೇಳಿದರಂತೆ.

"ಹೌದು ಸರ್" ಎಂದಳಂತೆ. "ಒಂದು ಫೋಟೊ ಆಚೀಚೆ ಆದ್ರೂ 4 ಪರ್ಸೆಂಟ್ ಬದಲಾಗುತ್ತೆ. ಅದಕ್ಕೇ ಪರ್ಸೆಂಟ್ ಬರೀದೆ ಎಣಿಕೆನೇ ಬರ್ದಿದ್ದೀನಿ. ಸುಳ್ಳು ಎಚ್ಚರಿಕೆನೂ 3ರಿಂದ 10 ಆಯ್ತು." ಆಮೇಲೆ ಅವರು ಒಂದು ಹಾಳೆ ಅವಳ ಕಡೆ ತಳ್ಳಿ, ಆ ಎರಡು ಟೇಬಲ್ ಬರೆದು ತೋರಿಸಿ ಎಂದರಂತೆ. ಮುಂದಿನ ಅರ್ಧ ಗಂಟೆ ಅದರ ಮೇಲೆಯೇ ಮಾತು ನಡೆಯಿತು.